ಸಾಮೂಹಿಕ ವಚನಗಾಯನ: ಪೇಟಿಗೆ ಎರಡು ಬೆರಳು ಸಾಕು



ನಮ್ಮ ಮಠಗಳಲ್ಲಿಯೂ ಊರೂರಿನ ಬಸವ ಬಳಗ, ಅಕ್ಕನ ಬಳಗಗಳಲ್ಲಿಯೂ ನಡೆಯುವ ಸಾಮೂಹಿಕ ವಚನಗಾಯನವನ್ನು ಕೇಳುವುದಕ್ಕಿಂತ ಮೊದಲು ಒಮ್ಮೆ ನೋಡಿರಿ ಎಂದು ತಮ್ಮಲ್ಲಿ ಬಿನ್ನವಿಸುತ್ತೇನೆ. ಹಾಡು ಕೆಳಗಿನ ಸ್ವರಗಳಲ್ಲಿ ಇರುವವರೆಗೆ ಎಲ್ಲರ ಬಾಯಿಯೂ ತೆರೆದಿರುತ್ತದೆ. ಸಾಲು ತಾರಷಡ್ಜದತ್ತ ಏರತೊಡಗಿದೊಡನೆ ತಾಯಂದಿರ ಸಾಲಿನಲ್ಲಿ ಒಬ್ಬೊಬ್ಬರಾಗಿ ಬಾಯಿ ಮುಚ್ಚುತ್ತಾರೆ. ಕೆಲವರು ಗದ್ದ ಎತ್ತಿ ಒಂದೆರಡು ಅಕ್ಷರ ಪ್ರಯತ್ನಿಸಿ ತಲೆ ತಗ್ಗಿಸುತ್ತಾರೆ. ಕೊನೆಗೆ ಉಳಿಯುವುದು ಧ್ವನಿವರ್ಧಕದ ಮುಂದೆ ಕುಳಿತ ಇಬ್ಬರ ದನಿ ಮತ್ತು ಪೇಟಿಯ ಸದ್ದು. ಹೆಸರಿಗೆ ಸಾಮೂಹಿಕ, ಆಚರಣೆಯಲ್ಲಿ ಇಬ್ಬರ ಕಚೇರಿ. ಹೆಣ್ಣುಮಕ್ಕಳನ್ನು ಅನುಭವ ಮಂಟಪದಲ್ಲಿ ಸಮನಾಗಿ ಕೂರಿಸಿದ ಶರಣರ ವಚನಗಳನ್ನೇ ಹಾಡುವ ಹೊತ್ತಿನಲ್ಲಿ ಅರ್ಧ ಸಭೆ ಮೌನವಾಗುವುದನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಇದಕ್ಕೆ ಕಾರಣ ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿವೆ. ಎರಡೂ ತಪ್ಪೆಂಬುದು ನನ್ನ ವಾದ.

ಮೊದಲನೆಯ ಉತ್ತರ, “ನಮ್ಮಲ್ಲಿ ಕಲಿತ ಪೇಟಿ ಮಾಸ್ತರರಿಲ್ಲ” ಎಂಬುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಬಳಿಕ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ನಾಡಿಗೆ ನೀಡಿದ ಉಪಕಾರ ಸಣ್ಣದಲ್ಲ. ಆದರೆ ಸಾವಿರಾರು ಊರುಗಳ ಪ್ರತಿ ಸೋಮವಾರದ ಪ್ರಾರ್ಥನೆಗೆ ಅಂಥ ಶಿಷ್ಯರೊಬ್ಬರು ದೊರೆಯಲೇಬೇಕೆಂದು ಹಟ ಹಿಡಿಯುವುದು ವಿವೇಕವಲ್ಲ. ಗವಾಯಿಗಳು ಬರುವವರೆಗೆ ಪೇಟಿಗೆ ಬಟ್ಟೆ ಹೊದಿಸಿಡಿರಿ ಎಂದು ಹೇಳುವ ವಿದ್ವಜ್ಜನರಿಗೆ, ಪೇಟಿಯಿಂದ ನಾವು ಬೇಡುತ್ತಿರುವುದು ಏನೆಂಬುದೇ ತಿಳಿದಂತಿಲ್ಲ. ಹಾರ್ಮೋನಿಯಂನಲ್ಲಿ ಮೀಂಡು, ಗಮಕ ಬಾರದು ಎಂಬ ಆಕ್ಷೇಪ ಹಳೆಯದು. ಆಕಾಶವಾಣಿಯು 1940ರಲ್ಲಿ ಆ ವಾದ್ಯವನ್ನು ಹೊರಗಿಟ್ಟು 1971ರಲ್ಲಿ ನಿರ್ಬಂಧವನ್ನು ಸಡಿಲಿಸಿದ ಕಥೆಯೂ ಬಲ್ಲವರಿಗೆ ಗೊತ್ತು. ಆ ಆಕ್ಷೇಪವೆಲ್ಲ ಪೇಟಿಯು ರಾಗವನ್ನು ಹಾಡಹೊರಟಾಗಿನ ಮಾತು. ಪೇಟಿಯು ಹಾಡದೆ ಸುಮ್ಮನೆ ನಿಂತಿದ್ದರೆ ಆ ಆಕ್ಷೇಪಕ್ಕೆ ಎಡೆಯೇ ಇಲ್ಲ.

ಎರಡನೆಯ ಉತ್ತರವನ್ನು ಭಕ್ತಿಯ ಹೆಸರಿನಲ್ಲಿ ಹೇಳುತ್ತಾರೆ. ತನಗೆ ತಾಳದ ಲೆಕ್ಕ ತಿಳಿಯದು, ಮನಸ್ಸಿಗೆ ಒಲಿದಂತೆ ಹಾಡುವೆ ಎಂಬರ್ಥದ ಬಸವಣ್ಣನವರ ವಚನವನ್ನು ಮುಂದಿಟ್ಟು, “ಶ್ರುತಿ ಗಿತಿ ಏತಕ್ಕೆ, ಭಾವವಿದ್ದರೆ ಸಾಕು” ಎನ್ನುತ್ತಾರೆ. ಅಣ್ಣನವರು ತಮ್ಮ ಕುರಿತಾಗಿ ಆಡಿದ ವಿನಯದ ಮಾತನ್ನು ನಮ್ಮ ಸೋಮಾರಿತನಕ್ಕೆ ಪ್ರಮಾಣಪತ್ರವಾಗಿ ಬಳಸುವುದು ಯಾವ ನ್ಯಾಯ? ತಮ್ಮ ದೇಹವನ್ನೇ ವಾದ್ಯವಾಗಿಸಿಕೊಳ್ಳೆಂದು ದೇವನನ್ನು ಬೇಡುವ ಮತ್ತೊಂದು ವಚನದಲ್ಲಿ ಅವರು ದಂಡಿಗೆ, ಸೋರೆ, ತಂತಿಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ. ವಾದ್ಯದ ಅಂಗಾಂಗಗಳನ್ನು ಬಲ್ಲವರ ಮಾತು ಅದು. ಒಬ್ಬನೇ ಹಾಡುವಾಗ ಒಲಿದಂತೆ ಹಾಡಬಹುದು. ಮೂವತ್ತು ಜನ ಕೂಡಿ ಹಾಡುವಾಗ ಒಬ್ಬನ ಒಲವು ಪಕ್ಕದವನ ಕಿವಿಯನ್ನು ಕೆಡಿಸಬಾರದು.

ಈ ಎರಡು ಉತ್ತರಗಳ ನಡುವೆ ಇತ್ತೀಚೆಗೆ ಮೂರನೆಯದೊಂದು ನುಸುಳಿದೆ. ಯಾರೋ ದಾನಿಗಳು ಎಲೆಕ್ಟ್ರಾನಿಕ್ ಕೀಬೋರ್ಡು ಕೊಡಿಸುತ್ತಾರೆ. ಊರಿನ ಹುಡುಗನೊಬ್ಬ ಒಂದು ಬೆರಳು ಒತ್ತುತ್ತಾನೆ. ಯಂತ್ರವು ತಾನಾಗಿಯೇ ಮೂರು ಸ್ವರಗಳ ಗುಚ್ಛವನ್ನೂ ತಾಳವನ್ನೂ ಹೊರಡಿಸುತ್ತದೆ. ಈ ಸ್ವರಗುಚ್ಛಕ್ಕೆ ಅವರು ಕಾರ್ಡ್ ಎನ್ನುತ್ತಾರೆ. ಸಭೆಗೆ ಸಡಗರವೆನಿಸುತ್ತದೆ. ಪೇಟಿಯಲ್ಲಿಯೂ ಹಾಗೆಯೇ ಮೂರು ಬೆರಳಿಟ್ಟು ನುಡಿಸುವ ಅಭ್ಯಾಸ ಈಗ ಹಬ್ಬುತ್ತಿದೆ. ಸ್ವರಗುಚ್ಛವೇ ನಿಷಿದ್ಧವೆಂದು ನಾನು ಹೇಳುತ್ತಿಲ್ಲ. ಯಾವ ಗುಚ್ಛ, ಎಷ್ಟು ಬೆರಳು, ಯಾವ ಕ್ಷಣದಲ್ಲಿ ಎಂಬುದನ್ನು ಕೇಳದೆ ನುಡಿಸುವುದು ವಚನಕ್ಕೂ ರಾಗಕ್ಕೂ ಹಾಡುವವರಿಗೂ ಮಾಡುವ ಅನ್ಯಾಯ ಎನ್ನುತ್ತೇನೆ. ಅದನ್ನು ಒಂದು ನಿದರ್ಶನದಿಂದಲೇ ವಿವರಿಸುವೆನು.

ಹದಿನೈದು ಮಂದಿ ತಾಯಂದಿರು, ಹತ್ತು ಮಂದಿ ಪುರುಷರಿರುವ ಒಂದು ಬಳಗವನ್ನು ಎದುರಿಗಿಟ್ಟುಕೊಳ್ಳೋಣ. ಯಾರೂ ಸಂಗೀತ ಕಲಿತವರಲ್ಲ. ಪೇಟಿಯ ತಿದಿಯೊತ್ತಬಲ್ಲ, ಮನೆಗಳ ಹೆಸರು ಬಲ್ಲ ಒಬ್ಬ ಶಾಲಾ ಶಿಕ್ಷಕರಿದ್ದಾರೆ, ಅಷ್ಟೇ. ಹಾಡಬೇಕಾದ ವಚನದ ಧಾಟಿ ಭೂಪ ರಾಗದಲ್ಲಿದೆ, ದಕ್ಷಿಣಾದಿಯವರು ಮೋಹನವೆನ್ನುವ ರಾಗವದು. ಷಡ್ಜ, ಋಷಭ, ಗಾಂಧಾರ, ಪಂಚಮ, ಧೈವತ ಎಂಬ ಐದೇ ಸ್ವರಗಳು. ಮಧ್ಯಮವೂ ನಿಷಾದವೂ ಅಲ್ಲಿಲ್ಲ. ಧಾಟಿಯು ಷಡ್ಜದ ಕೆಳಗೆ ಇಳಿಯುವುದಿಲ್ಲ. ಮೇಲೆ ತಾರಷಡ್ಜವನ್ನು ಮುಟ್ಟಿ ಮರಳುತ್ತದೆ.

ಮೊದಲ ಪ್ರಶ್ನೆ, ಷಡ್ಜ ಎಲ್ಲಿ? ನಮ್ಮಲ್ಲಿ ರೂಢಿಯಾದ ಉತ್ತರ ಕರಿ ಒಂದು. ಪೇಟಿ ನುಡಿಸುವವರು ಹೆಚ್ಚಾಗಿ ಗಂಡಸರು, ಅವರ ಕಂಠಕ್ಕೆ ಅದು ಹಿತ. ಕೈಗೂ ಅದೇ ಅಭ್ಯಾಸವಾಗಿರುತ್ತದೆ. ಆದರೆ ಹೆಂಗಸರು ಗಂಡಸರಿಗಿಂತ ಒಂದು ಸ್ಥಾಯಿ ಮೇಲೆ ಹಾಡುತ್ತಾರೆ. ಕರಿ ಒಂದನ್ನು ಷಡ್ಜವಾಗಿಟ್ಟರೆ ಅವರ ತಾರಷಡ್ಜವು ಸಾಧನೆಯಿಲ್ಲದ ಕಂಠಕ್ಕೆ ಕೂಗಾಗುತ್ತದೆ. ಮೇಲಿನ ಸಾಲಿನಲ್ಲಿ ಅವರು ಮೌನವಾಗಲು ಇದೇ ಕಾರಣ, ಭಕ್ತಿಯ ಕೊರತೆಯೂ ಅಲ್ಲ, ಸಂಕೋಚವೂ ಅಲ್ಲ. ಷಡ್ಜವನ್ನು ಮೂರು ಮನೆ ಕೆಳಗಿಳಿಸಿ ಕರಿ ಐದಕ್ಕೆ ತಂದು ನೋಡಿರಿ. ಮೇಲಿನ ಸಾಲು ಅವರ ಎಟುಕಿಗೆ ಬರುತ್ತದೆ. ಗಂಡಸರಿಗೆ ಕೆಳಗಿನ ಷಡ್ಜ ತುಸು ಆಳವೆನಿಸೀತು, ಆದರೆ ಬಹುಮಂದಿಗೆ ಅದು ದಕ್ಕುತ್ತದೆ.

ಕರಿ ಐದೇ ಎಲ್ಲ ಬಳಗಕ್ಕೂ ಸರಿಯೆಂದು ಭಾವಿಸಬೇಡಿರಿ. ಕಂಡುಹಿಡಿಯುವ ಕ್ರಮ ಹೀಗೆ: ಪೇಟಿಯನ್ನು ಮುಚ್ಚಿಟ್ಟು, ಬಳಗದವರು ತಾವಾಗಿಯೇ ಹಾಡನ್ನು ಎತ್ತಿಕೊಳ್ಳಲಿ. ಅವರು ಎತ್ತಿಕೊಂಡ ಷಡ್ಜ ಯಾವ ಮನೆಯೆಂದು ಒಂದು ಬೆರಳಿನಿಂದ ಹುಡುಕಿರಿ. ಮೂರು ಬೇರೆ ಬೇರೆ ದಿನ ಹೀಗೆ ಮಾಡಿದರೆ ಆ ಬಳಗದ ಒಲವು ತಿಳಿಯುತ್ತದೆ. ಬಳಿಕ ಅತ್ಯಂತ ಎತ್ತರದ ಸಾಲನ್ನೂ ಅತ್ಯಂತ ತಗ್ಗಿನ ಸಾಲನ್ನೂ ಹಾಡಿಸಿರಿ. ಎತ್ತರದಲ್ಲಿ ಎಷ್ಟು ಬಾಯಿ ತೆರೆದಿವೆ ಎಂಬುದನ್ನು ಎಣಿಸಿರಿ, ತಗ್ಗಿನಲ್ಲಿ ಗಂಡಸರ ದನಿ ಬರಿಯ ಉಸಿರಾಗುತ್ತಿದೆಯೇ ಎಂದು ಆಲಿಸಿರಿ. ಮೇಲೆ ಬಾಯಿ ಮುಚ್ಚಿದರೆ ಒಂದು ಮನೆ ಇಳಿಸಿ, ಕೆಳಗೆ ಉಸಿರಾದರೆ ಒಂದು ಮನೆ ಏರಿಸಿ, ಎರಡೂ ಸಹ್ಯವಾಗುವಲ್ಲಿ ನಿಲ್ಲಿರಿ. ಎರಡೂ ಒಟ್ಟಿಗೆ ಕೂಡಿಬಾರದಿದ್ದರೆ ಆ ಧಾಟಿಯ ಹರವೇ ಸಮೂಹಕ್ಕೆ ಹೆಚ್ಚಾಯಿತೆಂದು ತಿಳಿದು ಬೇರೆ ಧಾಟಿಯನ್ನು ಆರಿಸಬೇಕು. ಪೇಟಿಯವರ ಕೈಗೆ ಯಾವ ಮನೆ ಸುಲಭ ಎಂಬ ಪ್ರಶ್ನೆ ಈ ಕ್ರಮದಲ್ಲಿ ಎಲ್ಲಿಯೂ ಬಾರದೆಂಬುದನ್ನು ಗಮನಿಸಿರಿ.

ಷಡ್ಜ ನಿಶ್ಚಯವಾದ ಮೇಲೆ ಆಧಾರಶ್ರುತಿಯ ಕೆಲಸ. ಪೇಟಿಯ ಮುಂಭಾಗದಲ್ಲಿ ಎಳೆಯುವ ಗುಂಡಿಗಳಿರುತ್ತವೆ. ಅವುಗಳಲ್ಲಿ ಕೆಲವು ಗಾಳಿಯ ದಾರಿಯನ್ನು ತೆರೆಯುವಂಥವು, ಉಳಿದವು ಬೆರಳಿಲ್ಲದೆಯೇ ಒಂದೊಂದು ಸ್ವರವನ್ನು ಎಡೆಬಿಡದೆ ನುಡಿಸುವಂಥವು. ಈ ಶ್ರುತಿಗುಂಡಿಗಳು ಸಾಮಾನ್ಯವಾಗಿ ಐದು ಕರಿಮನೆಗಳಿಗೇ ಇರುತ್ತವೆ. ನಮ್ಮ ಪೇಟಿಗಳಲ್ಲಿ ಹಲವು ವರ್ಷಗಳಿಂದ ಯಾರೂ ಅವನ್ನು ಎಳೆದೇ ಇಲ್ಲ, ಧೂಳು ಕೂತು ಬಿಗಿದಿರುತ್ತವೆ. ಒಂದೊಂದನ್ನಾಗಿ ಎಳೆದು, ಅದು ಯಾವ ಮನೆಯ ಸ್ವರವೆಂದು ಹೋಲಿಸಿ ನೋಡಿ, ಪಕ್ಕದಲ್ಲಿ ಬಿಳಿ ಸುಣ್ಣದಿಂದ ಗುರುತು ಹಾಕಿಕೊಳ್ಳಿರಿ. ನಮ್ಮ ನಿದರ್ಶನದಲ್ಲಿ ಕರಿ ಐದರ ಗುಂಡಿಯನ್ನು ಎಳೆದರೆ ಷಡ್ಜ ತಾನಾಗಿ ನಿಂತಿತು. ಪಂಚಮ ಬರುವುದು ಬಿಳಿ ನಾಲ್ಕರಲ್ಲಿ. ಅದಕ್ಕೆ ಗುಂಡಿಯಿಲ್ಲ, ಬಲಗೈ ಹೆಬ್ಬೆರಳೇ ಅದನ್ನು ಹಿಡಿಯಬೇಕು. ಗುಂಡಿಗಳೇ ಇಲ್ಲದ ಪೇಟಿಯಾದರೆ, ಷಡ್ಜದ ಮನೆಯನ್ನು ಒತ್ತಿ ಅದಕ್ಕೂ ಪಕ್ಕದ ಮನೆಗೂ ನಡುವೆ ಮಡಿಸಿದ ಅಂಚೆಕಾರ್ಡಿನ ಚೂರನ್ನು ಸಿಗಿಸಿದರೆ ಮನೆ ಮೇಲೇಳದೆ ನಿಲ್ಲುತ್ತದೆ.

ಇಲ್ಲಿ ಪುಟ್ಟ ಹಾರ್ಮೋನಿಯಂನ ಒಂದು ಮಿತಿಯನ್ನು ಮರೆಯಲಾಗದು. ಒಂದು ಕೈ ತಿದಿಗೆ ಮೀಸಲು. ಸ್ವರಕ್ಕೆ ಉಳಿದಿರುವುದು ಒಂದೇ ಕೈ. ಆ ಒಂದು ಕೈಯಿಂದ ಧಾಟಿಯನ್ನೂ ನುಡಿಸಿ ಸ್ವರಗುಚ್ಛವನ್ನೂ ಹಿಡಿಯಹೋದರೆ ಕಲಿಯದವರಲ್ಲಿ ಎರಡೂ ಕೆಡುತ್ತವೆ. ಧಾಟಿಯನ್ನು ಕಂಠಗಳಿಗೆ ಬಿಟ್ಟುಬಿಡಿರಿ. ಪೇಟಿಯಲ್ಲಿ ಧಾಟಿ ನುಡಿಸುವ ಚಪಲವೇ ಅರ್ಧ ಕೇಡಿನ ಮೂಲ. ನುಡಿಸುವವರು ಒಂದು ಮಾತ್ರೆ ಹಿಂದೆ ಬಿದ್ದರೆ ಇಪ್ಪತ್ತೈದು ಜನವೂ ಅವರಿಗಾಗಿ ಕಾಯುತ್ತಾರೆ, ಹಾಡು ಎಳೆದಾಡುತ್ತದೆ.

ಈಗ ಕೀಬೋರ್ಡಿನ ಹುಡುಗನ ಮೂರು ಬೆರಳಿನ ವಿಚಾರಕ್ಕೆ ಬರೋಣ. ಅವನು ಕಲಿತ ಸೂತ್ರ ಸರಳವಾದುದು: ಷಡ್ಜದ ಗುಚ್ಛ, ಮಧ್ಯಮದ ಗುಚ್ಛ, ಪಂಚಮದ ಗುಚ್ಛ, ಈ ಮೂರರಿಂದ ಯಾವ ಹಾಡಿಗಾದರೂ ಹಿಮ್ಮೇಳ ಮುಗಿಯಿತು. ಚಲನಚಿತ್ರದ ಹಾಡಿಗೆ ಅದು ಒಪ್ಪಬಹುದು. ಭೂಪಕ್ಕೆ ಇಟ್ಟು ನೋಡಿರಿ. ಷಡ್ಜದ ಗುಚ್ಛದಲ್ಲಿ ಷಡ್ಜ, ಗಾಂಧಾರ, ಪಂಚಮಗಳಿವೆ, ಅಡ್ಡಿಯಿಲ್ಲ. ಮಧ್ಯಮದ ಗುಚ್ಛವೆಂದರೆ ಮಧ್ಯಮ, ಧೈವತ, ಷಡ್ಜ. ರಾಗದಲ್ಲಿಲ್ಲದ ಮಧ್ಯಮವೇ ಅಲ್ಲಿ ಬುಡವಾಗಿ ಕುಳಿತಿತು. ಪಂಚಮದ ಗುಚ್ಛವೆಂದರೆ ಪಂಚಮ, ನಿಷಾದ, ಋಷಭ. ಅಲ್ಲಿ ನಿಷಾದ ಬಂದಿತು. ಹೀಗೆ ಭೂಪವು ಬಿಟ್ಟ ಎರಡೇ ಸ್ವರಗಳನ್ನು ಆ ಯಂತ್ರ ಹುಡುಕಿ ತಂದು ತುಂಬುತ್ತದೆ. ಇದರ ಪರಿಣಾಮ ಒಂದೇ ದಿನಕ್ಕೆ ಕಾಣದು. ಮೂರು ನಾಲ್ಕು ವಾರ ಕಳೆಯಲಿ, ತಾರಷಡ್ಜಕ್ಕೆ ಏರುವಾಗ ಬಳಗದವರು ತಮಗರಿವಿಲ್ಲದೆ ನಿಷಾದವನ್ನು ಮೆಟ್ಟಿ ಏರುತ್ತಿರುವುದು ಕೇಳಿಬರುತ್ತದೆ. ಹಿರಿಯರಿಂದ ಬಾಯಿಂದ ಬಾಯಿಗೆ ಬಂದ ಧಾಟಿಯನ್ನು ಯಂತ್ರ ತಿದ್ದಿತೆಂದೇ ಅರ್ಥ.

ಹಾಗಾದರೆ ಏನು ಮಾಡಬೇಕು? ಗುಚ್ಛದ ನಡುವಿನ ಸ್ವರವನ್ನು ತೆಗೆದುಹಾಕಿರಿ. ಉಳಿಯುವುದು ಒಂದು ಸ್ವರ ಮತ್ತು ಅದರ ಪಂಚಮ. ಯಾವ ಸ್ವರದಿಂದಲೇ ಆಗಲಿ, ಕರಿ ಬಿಳಿ ಎನ್ನದೆ ಮುಂದಿನ ಮನೆಯನ್ನು ಒಂದೆಂದು ಎಣಿಸುತ್ತ ಹೋದರೆ ಏಳನೆಯ ಮನೆ ಅದರ ಜೋಡಿ. ಭೂಪದಲ್ಲಿ ಹೀಗೆ ಎಣಿಸಿ ನೋಡಿದರೆ ಷಡ್ಜಕ್ಕೆ ಪಂಚಮ, ಪಂಚಮಕ್ಕೆ ಋಷಭ, ಋಷಭಕ್ಕೆ ಧೈವತ, ಧೈವತಕ್ಕೆ ಗಾಂಧಾರ, ಹೀಗೆ ನಾಲ್ಕು ಜೋಡಿಗಳು ದೊರೆಯುತ್ತವೆ. ನಾಲ್ಕರಲ್ಲಿಯೂ ರಾಗದ ಹೊರಗಿನ ಸ್ವರ ಒಂದೂ ಇಲ್ಲ! ಕಲಿಯದವರ ಕೈಗೂ ತಪ್ಪಲು ಅವಕಾಶವೇ ಇಲ್ಲದಂಥ ಏರ್ಪಾಡು ಇದು.

ನಡುವಿನ ಸ್ವರವನ್ನು ತೆಗೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದು ಕಿವಿಗೆ ಸಂಬಂಧಿಸಿದ್ದು. ಷಡ್ಜಕ್ಕೆ ಹೊಂದಿಕೊಂಡು ಕಂಠವು ತಾನಾಗಿ ಹಾಡುವ ಗಾಂಧಾರದ ಕಂಪನ ಷಡ್ಜದ ಒಂದೂಕಾಲು ಪಟ್ಟು. ಕರಿ ಐದರ ಷಡ್ಜ ಸೆಕೆಂಡಿಗೆ 233 ಕಂಪನವಾದರೆ ಸಹಜ ಗಾಂಧಾರ ಸುಮಾರು 291. ಪೇಟಿಯಲ್ಲಿ ಹನ್ನೆರಡು ಮನೆಗಳನ್ನೂ ಸಮದೂರದಲ್ಲಿ ಇಟ್ಟಿರುವುದರಿಂದ ಅದರ ಗಾಂಧಾರ 294ರ ಸಮೀಪಕ್ಕೆ ಹೋಗುತ್ತದೆ. ಷಡ್ಜವೂ ಗಾಂಧಾರವೂ ಒಟ್ಟಿಗೆ ನಿಂತಾಗ ಪೇಟಿಯಲ್ಲಿ ಕೇಳಿಸುವ ಗರಗರ ನಡುಕ ಈ ಅಂತರದ ಫಲ. ಪಂಚಮದ ಮಾತು ಬೇರೆ. ಷಡ್ಜದ ಒಂದೂವರೆ ಪಟ್ಟಿಗೂ ಪೇಟಿಯ ಪಂಚಮಕ್ಕೂ ಅರ್ಧ ಕಂಪನದಷ್ಟೂ ವ್ಯತ್ಯಾಸವಿಲ್ಲ. ಆದುದರಿಂದ ಷಡ್ಜ ಪಂಚಮಗಳ ಜೋಡಿ ಶಾಂತವಾಗಿ ನಿಲ್ಲುತ್ತದೆ, ಗಾಂಧಾರವನ್ನು ಎಷ್ಟು ಮೃದುವಾಗಿ ಹಚ್ಚಬೇಕೆಂಬ ನಿರ್ಣಯ ಕಂಠಕ್ಕೇ ಉಳಿಯುತ್ತದೆ. ಅನುಮಾನವಿದ್ದವರು ಈಗಲೇ ಪೇಟಿ ತೆಗೆದು ಮೂರು ಬೆರಳಿಟ್ಟು ಒಮ್ಮೆ, ನಡುವಿನ ಬೆರಳನ್ನು ಎತ್ತಿ ಒಮ್ಮೆ ಕೇಳಿ ನೋಡಲಿ. ಪೇಟಿಯ ಶ್ರುತಿಯೇ ಕೆಟ್ಟಿದ್ದರೆ ಪಂಚಮವೂ ನಡುಗೀತು. ಅದಕ್ಕೆ ರೀಡುಗಳನ್ನು ಸರಿಪಡಿಸುವವರೇ ಬೇಕು, ಬೆರಳಿನಿಂದ ಪರಿಹಾರವಿಲ್ಲ.

ಶಿಕ್ಷಕರು ನಮ್ಮ ವಚನಕ್ಕೆ ಇದನ್ನು ಹೇಗೆ ಅಳವಡಿಸಬೇಕೆಂಬುದನ್ನು ಬಿಡಿಸಿ ಹೇಳುವೆನು. ಧಾಟಿಗೆ ನಾಲ್ಕು ಸಾಲುಗಳಿವೆ. ಮೊದಲನೆಯದು ಷಡ್ಜದಿಂದ ಹೊರಟು ಗಾಂಧಾರದವರೆಗೆ ಹೋಗಿ ಷಡ್ಜದಲ್ಲಿಯೇ ತಂಗುತ್ತದೆ. ಎರಡನೆಯದು ಮೇಲೇರಿ ಪಂಚಮದಲ್ಲಿ ತಂಗುತ್ತದೆ. ಮೂರನೆಯದು ತಾರಷಡ್ಜವನ್ನು ಮುಟ್ಟಿ ಧೈವತಕ್ಕೆ ಇಳಿದು ನಿಲ್ಲುತ್ತದೆ. ನಾಲ್ಕನೆಯದು ಋಷಭದಲ್ಲಿ ತುಸು ನಿಂತು, ಮೊದಲ ಸಾಲಿನ ಷಡ್ಜಕ್ಕೆ ಮರಳುತ್ತದೆ. ನೋಡಬೇಕಾದುದು ತಂಗುವ ಸ್ವರವನ್ನು ಮಾತ್ರ, ನಡುವೆ ಹಾದುಹೋಗುವ ಸ್ವರಗಳನ್ನು ಲೆಕ್ಕಿಸಬೇಕಾಗಿಲ್ಲ. ಷಡ್ಜ ಪಂಚಮಗಳೆರಡೂ ಮೊದಲ ಜೋಡಿಯಲ್ಲಿಯೇ ಇರುವುದರಿಂದ ಮೊದಲೆರಡು ಸಾಲಿಗೆ ಕೈ ಕದಲಿಸುವಂತೆಯೇ ಇಲ್ಲ. ಗುಂಡಿಯಲ್ಲಿ ಕರಿ ಐದು, ಹೆಬ್ಬೆರಳಲ್ಲಿ ಅದರ ಮೇಲಿನ ಬಿಳಿ ನಾಲ್ಕು. ಮೂರನೆಯ ಸಾಲು ಧೈವತದಲ್ಲಿ ತಂಗಿದಾಗ ಹೆಬ್ಬೆರಳು ಪಕ್ಕದ ಬಿಳಿ ಐದಕ್ಕೆ ಸರಿಯುತ್ತದೆ, ಕಿರುಬೆರಳು ಮೇಲಿನ ಬಿಳಿ ಎರಡನ್ನು ಹಿಡಿಯುತ್ತದೆ. ಅದು ಧೈವತ ಗಾಂಧಾರಗಳ ಜೋಡಿ. ನಾಲ್ಕನೆಯ ಸಾಲಿನ ಋಷಭಕ್ಕೆ ಎರಡೂ ಬೆರಳುಗಳು ಒಂದೊಂದು ಬಿಳಿಮನೆ ಕೆಳಗೆ ಸರಿದರೆ ಪಂಚಮ ಋಷಭಗಳ ಜೋಡಿ ಬಂದಿತು. ಮೊದಲ ಸಾಲಿನ ಷಡ್ಜ ಬಂದೊಡನೆ ಕಿರುಬೆರಳನ್ನು ಎತ್ತಿದರಾಯಿತು, ಹೆಬ್ಬೆರಳು ಇದ್ದಲ್ಲಿಯೇ ಇರುತ್ತದೆ. ಷಡ್ಜದ ಗುಂಡಿ ಆದ್ಯಂತ ತೆರೆದೇ ಇರುತ್ತದೆ. ಒಂದು ಸುತ್ತಿನಲ್ಲಿ ಒಟ್ಟು ಮೂರು ಸಲ ಕೈ ಕದಲಿದಂತಾಯಿತು. ಇಷ್ಟನ್ನು ಒಂದು ಸಂಜೆಯಲ್ಲಿ ಕಲಿಯಲು ಯಾರಿಗೂ ಗವಾಯಿಗಳ ಶಿಷ್ಯತ್ವ ಬೇಕಾಗದು.

ಕೈ ಕದಲಿಸುವ ಕ್ಷಣವೊಂದರಲ್ಲಿ ಮಾತ್ರ ಎಚ್ಚರ ಬೇಕು. ಕಂಠಗಳು ಧೈವತಕ್ಕೆ ಬಂದು ಸೇರಿದ ಮೇಲೆಯೇ ಬೆರಳು ಸರಿಯಬೇಕು. ಒಂದು ಕ್ಷಣ ತಡವಾದರೂ ದೋಷವಿಲ್ಲ, ಮೊದಲಾಗಕೂಡದು. ಪೇಟಿ ಮುಂದೆ ಓಡಿದರೆ, ಧಾಟಿಯ ಮೇಲೆ ನಂಬಿಕೆ ಸಾಲದವರು ತಾರಷಡ್ಜವನ್ನು ಮುಟ್ಟದೆಯೇ ಪೇಟಿಯ ಸ್ವರಕ್ಕೆ ಜಿಗಿದುಬಿಡುತ್ತಾರೆ. ಸಾಲಿನ ತುದಿ ಮೊಟಕಾಗಿ ಕೇಳಿಸತೊಡಗಿತೆಂದರೆ ಪೇಟಿಯವರ ಅವಸರವನ್ನೇ ಮೊದಲು ಶಂಕಿಸಬೇಕು. ತಿದಿಯನ್ನು ತಾಳಕ್ಕೆ ಒತ್ತುವುದೂ ಇಂಥದೇ ದೋಷ. ಹಾಗೆ ಒತ್ತಿದರೆ ಆಧಾರಶ್ರುತಿ ಉಬ್ಬಿ ಇಳಿದು ಏದುಸಿರು ಬಿಟ್ಟಂತೆ ಕೇಳಿಸುತ್ತದೆ. ಮೆಲ್ಲಗೆ, ಗಾಳಿ ಪೂರ್ತಿ ತೀರುವ ಮೊದಲೇ, ತಾಳಕ್ಕೆ ಸಂಬಂಧವಿಲ್ಲದಂತೆ ಒತ್ತುತ್ತಿರಬೇಕು.

ಧಾಟಿಗಳೆಲ್ಲ ಷಡ್ಜದ ಮೇಲೆಯೇ ಇರುವುದಿಲ್ಲವಲ್ಲ ಎಂದು ತಾವು ಕೇಳಬಹುದು. ಸರಿಯಾದ ಪ್ರಶ್ನೆ. ಕೆಲವು ಧಾಟಿಗಳು ಮಂದ್ರಪಂಚಮದವರೆಗೆ ಇಳಿದು, ಮೇಲೆ ಮಧ್ಯ ಪಂಚಮ ಧೈವತಗಳನ್ನು ದಾಟುವುದಿಲ್ಲ. ಅವಕ್ಕೂ ಕರಿ ಐದನ್ನೇ ಷಡ್ಜವಾಗಿಟ್ಟರೆ ಗಂಡಸರು ಕೆಳಗೆ ಮುಳುಗುತ್ತಾರೆ. ಇದಕ್ಕೆ ಹಿರಿಯರು ಮಧ್ಯಮಶ್ರುತಿಯೆಂಬ ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಷಡ್ಜವನ್ನು ಕರಿ ಎರಡಕ್ಕೆ ಏರಿಸಿರಿ. ಆಗ ಕರಿ ಐದು ಅದರ ಮಂದ್ರಪಂಚಮವಾಗುತ್ತದೆ. ಹೆಸರು ಬದಲಾಯಿತೇ ಹೊರತು ಕಂಠಗಳು ಓಡಾಡುವ ಎತ್ತರ ಬಹುಮಟ್ಟಿಗೆ ಅದೇ. ಕರಿ ಎರಡು, ಕರಿ ಐದು ಎರಡಕ್ಕೂ ಗುಂಡಿಗಳಿರುವುದರಿಂದ ಎರಡನ್ನೂ ಎಳೆದುಬಿಟ್ಟರೆ ಬೆರಳಿನ ಗೊಡವೆಯೇ ಇಲ್ಲದೆ ಆಧಾರಶ್ರುತಿ ನಿಲ್ಲುತ್ತದೆ. ಒಂದು ಸಂಜೆಯ ಹಾಡುಗಳನ್ನೆಲ್ಲ ಈ ಎರಡು ಷಡ್ಜಗಳಿಗೆ ಹಂಚಿಕೊಂಡರೆ ಸಾಕು.

ರಾಗ ಬದಲಾದಾಗ ಜೋಡಿಗಳೂ ಬದಲಾಗುತ್ತವೆ. ನಮ್ಮಲ್ಲಿ ಮಂಗಲಕ್ಕೆ ಮೆಚ್ಚಿನದಾದ ಭೈರವಿಯನ್ನು ತೆಗೆದುಕೊಳ್ಳಿರಿ. ಅಲ್ಲಿ ಋಷಭ ಕೋಮಲ. ಪಂಚಮಕ್ಕೂ ಅದಕ್ಕೂ ಏಳು ಮನೆಯ ಬದಲು ಆರೇ ಮನೆ ಅಂತರ. ಭೂಪದ ಅಭ್ಯಾಸಬಲದಿಂದ ಆ ಜೋಡಿಯನ್ನು ಹಿಡಿದರೆ ಸಭೆಯೇ ಬೆಚ್ಚಿಬೀಳುತ್ತದೆ. ಭೈರವಿಗೆ ಷಡ್ಜ ಪಂಚಮ ಒಂದು, ಸಾಲು ಮಧ್ಯಮದಲ್ಲಿ ತಂಗಿದಾಗ ಮಧ್ಯಮ ಷಡ್ಜ ಒಂದು, ಎರಡೇ ಸಾಕು. ಮಾಲಕಂಸದಂತೆ ಪಂಚಮವನ್ನೇ ಬಿಟ್ಟ ರಾಗವಾದರೆ ಆಧಾರಶ್ರುತಿಯೂ ಷಡ್ಜ ಮಧ್ಯಮಗಳಲ್ಲಿರಬೇಕು. ರಾಗ ಯಾವುದೆಂದೇ ತಿಳಿಯದ ಧಾಟಿಗೆ ಷಡ್ಜವೊಂದನ್ನೇ ಹಿಡಿದು, ಮೆಲ್ಲಗೆ ಪಂಚಮವನ್ನು ಸೇರಿಸಿ ನೋಡಿ, ಕಿವಿಗೆ ಒಗರೆನಿಸಿದರೆ ಕೈಬಿಡಿರಿ. ಷಡ್ಜವೊಂದೇ ಇದ್ದರೂ ಹಾಡಿಗೆ ಬಡತನ ಬಾರದು.

ವಿದ್ಯುತ್ ಶ್ರುತಿಪೆಟ್ಟಿಗೆ, ಮೊಬೈಲಿನ ತಂಬೂರಿ ಮುಂತಾದವನ್ನು ಪೇಟಿಯ ಜತೆಗೆ ಹಾಕುವವರು, ಪೇಟಿಯ ರೀಡು ಕದಲದೆಂಬುದನ್ನು ನೆನಪಿಡಬೇಕು. ಯಂತ್ರದ ಸೂಕ್ಷ್ಮಶ್ರುತಿಯ ತಿರುಪನ್ನೇ ತಿರುಗಿಸಿ, ನಡುಕ ನಿಲ್ಲುವವರೆಗೆ ಪೇಟಿಗೆ ಹೊಂದಿಸಬೇಕು. ಹೊಂದದಿದ್ದರೆ ಎರಡರಲ್ಲಿ ಒಂದನ್ನು ನಿಲ್ಲಿಸುವುದೇ ಲೇಸು. ಮೊಬೈಲಿನ ಪುಟ್ಟ ಬಾಯಿಯಿಂದ ಮಂದ್ರಸ್ವರ ಹೊರಡುವುದೇ ಇಲ್ಲ, ಹಿಂದಿನ ಸಾಲಿನವರಿಗೆ ಅದು ಇದ್ದೂ ಇಲ್ಲದಂತೆ. ಧ್ವನಿವರ್ಧಕವಿದ್ದಲ್ಲಿ ಅದನ್ನು ಇಬ್ಬರು ಹಾಡುಗಾರರ ಬಾಯಿಯಿಂದ ತೆಗೆದು ಪೇಟಿಯ ಕಡೆಗೆ, ಅದೂ ತಗ್ಗಿಸಿದ ದನಿಯಲ್ಲಿ, ತಿರುಗಿಸಿಡಿರೆಂಬುದು ನನ್ನ ಸಲಹೆ. ಇದು ಆ ಇಬ್ಬರಿಗೆ ರುಚಿಸಲಾರದೆಂದು ಬಲ್ಲೆ.

ಸಮೂಹವು ಹಾಡುತ್ತ ಹಾಡುತ್ತ ಶ್ರುತಿಯಿಂದ ಕೆಳಗೆ ಜಾರುವುದುಂಟು, ಉದ್ದದ ವಚನಗಳಲ್ಲಿ ವಿಶೇಷವಾಗಿ. ಆಧಾರಶ್ರುತಿ ಎಲ್ಲರಿಗೂ ಕೇಳಿಸುತ್ತಿದೆಯೇ ಎಂದು ಅರಿಯಲು ಇದೇ ಪರೀಕ್ಷೆ. ಎರಡನೆಯ ಸುತ್ತಿನಲ್ಲಿ ಪೇಟಿಯನ್ನು ಒಂದು ಸಾಲಿನ ಮಟ್ಟಿಗೆ ನಿಲ್ಲಿಸಿ, ಮುಂದಿನ ಸಾಲಿಗೆ ಮತ್ತೆ ತಿದಿಯೊತ್ತಿರಿ. ಹಾಡಿಗೂ ಪೇಟಿಗೂ ಹೊಂದಿಕೆಯಿದ್ದರೆ ಶ್ರುತಿ ಹೊಂದಿತು. ಬೇರೆ ಹಾಡಿಗೆ ಯಾರೋ ಪೇಟಿ ಹಿಡಿದಂತೆ ಕೇಳಿಸಿದರೆ ಹಿಂದಿನ ಸಾಲಿನವರಿಗೆ ಪೇಟಿ ಕೇಳಿಸುತ್ತಿಲ್ಲ. ಪೇಟಿಯನ್ನು ವೇದಿಕೆಯಿಂದ ಇಳಿಸಿ ಸಭೆಯ ನಡುವೆ ತಂದಿಡಿರಿ.

ದಾನಿಗಳು ಕೊಟ್ಟ ಕೀಬೋರ್ಡನ್ನು ಏನು ಮಾಡಬೇಕೆಂದು ಕೇಳುವವರಿಗೂ ಉತ್ತರವಿದೆ. ಅದನ್ನು ಹಿಂದಿರುಗಿಸಿ ಯಾರ ಮನಸ್ಸನ್ನೂ ನೋಯಿಸಬೇಕಾಗಿಲ್ಲ. ತಾನಾಗಿ ತಾಳ ಹಾಕುವ ಗುಂಡಿಯನ್ನೂ, ಒಂದು ಬೆರಳಿಗೆ ಮೂರು ಸ್ವರ ನುಡಿಸುವ ಗುಂಡಿಯನ್ನೂ ಆರಿಸಿರಿ. ಆರ್ಗನ್ನಿನ ಸ್ವರವನ್ನು ಆಯ್ದುಕೊಳ್ಳಿರಿ. ಅದಕ್ಕೆ ತಿದಿಯಿಲ್ಲದ ಕಾರಣ ಎಡಗೈಯಿಂದ ಷಡ್ಜವನ್ನು ಆದ್ಯಂತ ಹಿಡಿದು, ಬಲಗೈಯಿಂದ ಜೋಡಿಗಳನ್ನು ನುಡಿಸಬಹುದು. ಶ್ರುತಿ ಏರಿಸಿಳಿಸುವ ಗುಂಡಿಯೊಂದು ಅದರಲ್ಲಿರುವುದರಿಂದ, ಬೆರಳುಗಳನ್ನು ಒಂದೇ ಸ್ಥಾನದಲ್ಲಿಟ್ಟುಕೊಂಡು ಷಡ್ಜವನ್ನು ತಾಯಂದಿರ ಕಂಠಕ್ಕೆ ಒಂದೊಂದೇ ಮನೆಯಾಗಿ ಇಳಿಸಿಕೊಡುವುದೂ ಸಾಧ್ಯ. ಆ ಹುಡುಗನೇ ನುಡಿಸಲಿ, ಅವನ ಎದುರಿಗೆ ತಂಗುವ ಸ್ವರಗಳನ್ನಷ್ಟೇ ಬರೆದ ಚೀಟಿಯೊಂದಿರಲಿ.